ಅಡ್ಡಸಾಲನ್ನು ಕಂಬಸಾಲಿಗೆ ಯಾಕೆ ಗುಣಿಸಬೇಕು?

ಪಿಯುಸಿಯಲ್ಲಿ ನೀವೆಲ್ಲ ಮ್ಯಾಟ್ರಿಕ್ಸ್ ಗುಣಿಸಿಯೇ ಇಲ್ಲಿಗೆ ಬಂದಿದ್ದೀರಿ. ಮೊದಲನೆಯದರ ಅಡ್ಡಸಾಲು ಹಿಡಿಯಿರಿ, ಎರಡನೆಯದರ ಕಂಬಸಾಲು ಹಿಡಿಯಿರಿ, ಜೋಡಿ ಜೋಡಿಯಾಗಿ ಗುಣಿಸಿ, ಎಲ್ಲ ಕೂಡಿ. ಎಡಗೈ ಬೆರಳು ಅಡ್ಡಕ್ಕೆ ಓಡುತ್ತದೆ, ಬಲಗೈ ಬೆರಳು ಕೆಳಕ್ಕೆ ಓಡುತ್ತದೆ, ಉತ್ತರ ಬರುತ್ತದೆ. ಮಾರ್ಕ್ಸೂ ಬಂದಿದೆ. ಆದರೆ ಒಂದು ಪ್ರಶ್ನೆಯನ್ನು ಅಲ್ಲಿ ಯಾರೂ ಹೆಚ್ಚು ಕೆದಕುವುದಿಲ್ಲ. ಎರಡು ಮ್ಯಾಟ್ರಿಕ್ಸ್ ಕೂಡುವಾಗ ಸುಮ್ನೆ ಅದೇ ಜಾಗದ ಸಂಖ್ಯೆಗೆ ಅದೇ ಜಾಗದ ಸಂಖ್ಯೆ ಕೂಡುತ್ತೇವೆ. ಗುಣಿಸುವಾಗಲೂ ಹಾಗೇ ಮಾಡಬಹುದಿತ್ತು ಅಲ್ವಾ? ಈ ಅಡ್ಡ-ಕೆಳ ಸುತ್ತಾಟ ಎಲ್ಲಿಂದ ಬಂತು?

ಇವತ್ತು ಆ ಒಂದು ಪ್ರಶ್ನೆ ಮಾತ್ರ ಹಿಡಿದುಕೊಳ್ಳೋಣ. ಮೊದಲು ಒಂದು ಚಿತ್ರ ತಿರುಗಿಸೋಣ, ಆಮೇಲೆ ಶಿವಮೊಗ್ಗದಿಂದ ಬಸ್ ಹತ್ತೋಣ. ಎರಡೂ ಕಡೆ ಒಂದೇ ಲೆಕ್ಕ ಹೇಗೆ ಬರುತ್ತದೆ ಅನ್ನುವುದನ್ನು ನೀವೇ ನೋಡುತ್ತೀರಿ.

ಬೋರ್ಡ್ ಮೇಲೆ ಒಂದು ಹೆಂಚಿನ ಮನೆ ಬರೆಯುತ್ತೇನೆ. ಐದೇ ಬಿಂದು ಸಾಕು. ನೆಲದ ಎರಡು ಮೂಲೆ (0,0) ಮತ್ತು (4,0). ಗೋಡೆಯ ಮೇಲಿನ ಎರಡು ಮೂಲೆ (4,2) ಮತ್ತು (0,2). ಮಾಡಿನ ತುದಿ (2,4). ಇವನ್ನು ಗೆರೆಯಿಂದ ಸೇರಿಸಿದರೆ ಮನೆ ಆಯಿತು. ಅಗಲ 4, ತುದಿಯವರೆಗೆ ಎತ್ತರ 4.

ಈ ಮನೆಗೆ ಎರಡು ಕೆಲಸ ಮಾಡೋಣ. ಒಂದು, ಅಗಲವನ್ನು ಎರಡರಷ್ಟು ಮಾಡುವುದು. ಎತ್ತರ ಇದ್ದ ಹಾಗೇ ಇರಲಿ. ಇದಕ್ಕೆ S ಅನ್ನೋಣ. ಇನ್ನೊಂದು, ಇಡೀ ಮನೆಯನ್ನು ಮೂಲಬಿಂದುವಿನ ಸುತ್ತ ಎಡಕ್ಕೆ 90 ಡಿಗ್ರಿ ತಿರುಗಿಸುವುದು. ಇದು R.

```
S = [ 2  0 ]        R = [ 0  -1 ]
    [ 0  1 ]            [ 1   0 ]
```

ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಡಿ. ಕಂಬಸಾಲು ನೋಡಿದರೆ ಸಾಕು, ಎಲ್ಲ ಗೊತ್ತಾಗುತ್ತದೆ. ಮೊದಲ ಕಂಬಸಾಲು, (1,0) ಅನ್ನುವ ಬಿಂದು ಎಲ್ಲಿಗೆ ಹೋಗುತ್ತದೆ ಅಂತ ಹೇಳುತ್ತದೆ. ಎರಡನೆಯದು, (0,1) ಎಲ್ಲಿಗೆ ಹೋಗುತ್ತದೆ ಅಂತ. R ನೋಡಿ. ಬಲಕ್ಕೆ ಒಂದು ಹೆಜ್ಜೆ ಇಟ್ಟಿದ್ದ (1,0) ಎಡಕ್ಕೆ ತಿರುಗಿದರೆ ಮೇಲಕ್ಕೆ ಬರುತ್ತದೆ, ಅಂದರೆ (0,1). ಮೊದಲ ಕಂಬಸಾಲಿನಲ್ಲಿ ಅದೇ ಇದೆ. ಮೇಲಕ್ಕಿದ್ದ (0,1) ಎಡಕ್ಕೆ ಬೀಳುತ್ತದೆ, ಅಂದರೆ (-1,0). ಎರಡನೆಯ ಕಂಬಸಾಲಿನಲ್ಲಿ ಅದಿದೆ. ಇವೆರಡು ಬಿಂದುಗಳ ಗತಿ ಗೊತ್ತಾದರೆ ಉಳಿದ ಎಲ್ಲ ಬಿಂದುಗಳ ಗತಿಯೂ ಗೊತ್ತಾದ ಹಾಗೆ. ಯಾಕೆಂದರೆ (2,4) ಅಂದರೆ (1,0) ಎರಡು ಸಲ, (0,1) ನಾಲ್ಕು ಸಲ, ಅಷ್ಟೇ. R ಆದ ಮೇಲೆ ಅದು (0,1) ಎರಡು ಸಲ, (-1,0) ನಾಲ್ಕು ಸಲ. ಕೂಡಿದರೆ (-4,2). ಮಾಡಿನ ತುದಿ ಎಡಗಡೆಗೆ ಬಂತು. ಮನೆ ಎಡಕ್ಕೆ ಮಗುಚಿ ಮಲಗಿದೆ.

ಈಗ ನಿಜವಾದ ವಿಷಯಕ್ಕೆ ಬರೋಣ. ಎರಡು ಕೆಲಸವನ್ನು ಒಂದಾದ ಮೇಲೆ ಒಂದು ಮಾಡಿದರೆ?

ಮೊದಲು ಅಗಲಿಸಿ ಆಮೇಲೆ ತಿರುಗಿಸೋಣ. ಮಾಡಿನ ತುದಿ (2,4) ಮೊದಲು (4,4)ಕ್ಕೆ ಹೋಯಿತು. ಅಲ್ಲಿಂದ ತಿರುಗಿ (-4,4)ಕ್ಕೆ ಬಂತು. ಇದು ಒಂದು ಬಿಂದುವಿನ ಕತೆ. ಎಲ್ಲ ಬಿಂದುಗಳಿಗೂ ಹೀಗೆ ಎರಡೆರಡು ಸಲ ಲೆಕ್ಕ ಮಾಡುವ ಬದಲು, ಎರಡೂ ಕೆಲಸವನ್ನು ಒಂದೇ ಏಟಿಗೆ ಮಾಡುವ ಒಂದು ಮ್ಯಾಟ್ರಿಕ್ಸ್ ಸಿಗುತ್ತದಾ? ಸಿಗುತ್ತದೆ. ಅದನ್ನು ಹುಡುಕುವುದಕ್ಕೇ ಗುಣಾಕಾರ ಹುಟ್ಟಿದ್ದು.

ಸಂಖ್ಯೆ ಬಿಟ್ಟು ಅಕ್ಷರ ಇಟ್ಟುಕೊಂಡು ಒಂದು ಸಲ ಮಾಡಿಬಿಡೋಣ. ಮೊದಲ ಕೆಲಸ (x,y)ಯನ್ನು (u,v)ಗೆ ಒಯ್ಯುತ್ತದೆ. ಎರಡನೆಯ ಕೆಲಸ (u,v)ಯನ್ನು (p,q)ಗೆ ಒಯ್ಯುತ್ತದೆ.

```
u = e·x + f·y          p = a·u + b·v
v = g·x + h·y          q = c·u + d·v
```

ಬಲಗಡೆಯ u, v ಇರುವ ಕಡೆ ಎಡಗಡೆಯದನ್ನು ಹಾಕಿ. ಎಂಟನೇ ಕ್ಲಾಸಿನ ಬೀಜಗಣಿತ, ಬೇರೆ ಏನೂ ಇಲ್ಲ.

```
p = (a·e + b·g)·x + (a·f + b·h)·y
q = (c·e + d·g)·x + (c·f + d·h)·y
```

ಮೊದಲ ಆವರಣ ನೋಡಿ. a, b ಅನ್ನುವುದು ಎರಡನೆಯ ಕೆಲಸದ ಅಡ್ಡಸಾಲು. e, g ಅನ್ನುವುದು ಮೊದಲ ಕೆಲಸದ ಕಂಬಸಾಲು. a·e + b·g. ನಿಮ್ಮ ಬೆರಳು ಪಿಯುಸಿಯಲ್ಲಿ ಓಡಾಡುತ್ತಿದ್ದ ದಾರಿ ಇದೇ. ಇದನ್ನು ಯಾರೋ ಕೂತು ಹೀಗಿರಲಿ ಅಂತ ತೀರ್ಮಾನಿಸಿದ್ದಲ್ಲ. ಒಂದಾದ ಮೇಲೆ ಒಂದು ಮಾಡಬೇಕು ಅಂತ ಹೊರಟರೆ ಬೇರೆ ಯಾವ ನಿಯಮವೂ ಬರುವುದಿಲ್ಲ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಿ ಬರುತ್ತೇನೆ. ಈ ಗುಣಾಕಾರವನ್ನು ಮ್ಯಾಟ್ರಿಕ್ಸ್‌ಗಳ ಬೀಜಗಣಿತವಾಗಿ ಕ್ರಮವಾಗಿ ಬರೆದವರು ಆರ್ಥರ್ ಕೇಲಿ, 1858ರಲ್ಲಿ. ಆಗ ಅವರು ಲಂಡನ್ನಿನಲ್ಲಿ ವಕೀಲರು. ಜೀವನಕ್ಕೆ ವಕೀಲಿ ಮಾಡಿಕೊಂಡು, ಉಳಿದ ಹೊತ್ತಿನಲ್ಲಿ ಗಣಿತ ಬರೆಯುತ್ತಿದ್ದರು. ಕೇಂಬ್ರಿಜ್‌ನಲ್ಲಿ ಪ್ರೊಫೆಸರ್ ಆಗಿದ್ದು ಆಮೇಲೆ, 1863ರಲ್ಲಿ. ಅವರು ಹೊರಟಿದ್ದೂ ಇಲ್ಲಿಂದಲೇ. ಈಗ ನಾವು u, v ತೆಗೆದು x, y ಹಾಕಿದೆವಲ್ಲ, ಆ ಬದಲಾವಣೆಯನ್ನು ಒಂದರ ಮೇಲೊಂದು ಮಾಡಿದರೆ ಏನಾಗುತ್ತದೆ ಅನ್ನುವುದೇ ಅವರ ಗುಣಾಕಾರ.

ಸರಿ, ನಮ್ಮ ಮನೆಗೆ ವಾಪಸ್. ಮೊದಲು S, ಆಮೇಲೆ R ಮಾಡಿದರೆ ಬರೆಯುವುದು RS ಅಂತ. ಬಿಂದು ಬಲಗಡೆ ನಿಂತಿರುತ್ತದೆ, ಅದಕ್ಕೆ ಹತ್ತಿರ ಇರುವ ಕೆಲಸ ಮೊದಲು ಆಗುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಓದಬೇಕು. ಉಲ್ಟಾ ಮಾಡಿದರೆ, ಮೊದಲು R ಆಮೇಲೆ S, ಅದು SR.

```
RS = [ 0  -1 ]        SR = [ 0  -2 ]
     [ 2   0 ]             [ 1   0 ]
```

ಎರಡೂ ಬೇರೆ ಬೇರೆ. ಯಾಕೆ ಅನ್ನುವುದು ಚಿತ್ರದಲ್ಲಿ ಕಣ್ಣಿಗೇ ಕಾಣುತ್ತದೆ. RSನಲ್ಲಿ ಮನೆ ಮೊದಲು ಅಗಲವಾಯಿತು, ಅಗಲ 8, ಎತ್ತರ 4. ಆಮೇಲೆ ಮಗುಚಿ ಮಲಗಿತು. ಈಗ ನೆಲದ ಮೇಲೆ 4, ಮೇಲಕ್ಕೆ 8. SRನಲ್ಲಿ ಮನೆ ಮೊದಲು ಮಲಗಿತು. ಮಲಗಿದ ಮನೆಯನ್ನು ಅಡ್ಡಕ್ಕೆ ಎಳೆದರೆ ಹಿಗ್ಗುವುದು ಯಾವುದು? ಗೋಡೆ ಮತ್ತು ಮಾಡು. ಅದರ ಎತ್ತರವೇ ಎರಡರಷ್ಟಾಯಿತು. ಮಾಡಿನ ತುದಿ (-8,2)ಕ್ಕೆ ಹೋಗಿ ಕೂತಿತು. ಮೊದಲಿನ ಲೆಕ್ಕದಲ್ಲಿ ಅದು (-4,4)ರಲ್ಲಿತ್ತು. AB ಮತ್ತು BA ಒಂದೇ ಅಲ್ಲ ಅಂತ ಪರೀಕ್ಷೆಗೆ ಬರೆದಿರುತ್ತೀರಿ. ಇನ್ನು ಮೇಲೆ ಅದನ್ನು ಬರೆಯುವಾಗ ಈ ಎರಡು ಮನೆ ನೆನಪಾಗಲಿ.

ನಿಮ್ಮ ಲ್ಯಾಬ್‌ನಲ್ಲಿ ಪೈಥಾನ್ ಬರುತ್ತದೆ, ಹಾಗಾಗಿ ಒಂದು ಮಾತು ಈಗಲೇ ಹೇಳಿಬಿಡಬೇಕು. ಇದೇ ಎರಡು ಮ್ಯಾಟ್ರಿಕ್ಸ್ ಕೊಟ್ಟು ನೋಡಿ.

```python
import numpy as np
R = np.array([[0, -1], [1, 0]])
S = np.array([[2, 0], [0, 1]])
print(R @ S)
print(R * S)
```

ಮೊದಲನೆಯದು ಸರಿಯಾದ ಉತ್ತರ ಕೊಡುತ್ತದೆ, ನಾವು ಬೋರ್ಡ್ ಮೇಲೆ ಮಾಡಿದ್ದೇ. ಎರಡನೆಯದರಲ್ಲಿ ನಕ್ಷತ್ರ ಚಿಹ್ನೆ ಇದೆ. ಅದು ಅದೇ ಜಾಗದ ಸಂಖ್ಯೆಗೆ ಅದೇ ಜಾಗದ ಸಂಖ್ಯೆ ಗುಣಿಸುತ್ತದೆ. ಶುರುವಿನಲ್ಲಿ ಕೇಳಿದೆವಲ್ಲ, ಹಾಗೂ ಮಾಡಬಹುದಿತ್ತು ಅಂತ, ಅದೇ ಇದು. ಏನು ಬರುತ್ತದೆ ಲೆಕ್ಕ ಹಾಕಿ. 0 ಸಲ 2, -1 ಸಲ 0, 1 ಸಲ 0, 0 ಸಲ 1. ನಾಲ್ಕೂ ಸೊನ್ನೆ! ಇಡೀ ಮನೆ ಮೂಲಬಿಂದುವಿನಲ್ಲಿ ಒಂದು ಚುಕ್ಕೆಯಾಗಿ ಹೋಯಿತು. ಕಂಪ್ಯೂಟರ್ ಯಾವ ಎರರ್ ಕೂಡ ತೋರಿಸುವುದಿಲ್ಲ. ಚಿತ್ರ ಮಾಯವಾದರೆ ಮೊದಲು ಈ ಚಿಹ್ನೆಯನ್ನೇ ನೋಡಿ. ಇಲ್ಲಿ ಸೊನ್ನೆ ಬಂದಿದ್ದರಿಂದ ಗೊತ್ತಾಯಿತು. ಬೇರೆ ಸಂಖ್ಯೆಗಳಿದ್ದರೆ ಏನೋ ಒಂದು ಸೊಟ್ಟ ಚಿತ್ರ ಬರುತ್ತದೆ, ಅದೇ ಸರಿ ಅಂತ ನಾವು ನಂಬಿಬಿಡಬಹುದು. ಅದಕ್ಕೇ ಒಂದು ಬಿಂದುವನ್ನಾದರೂ ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಬೇಕು. ನಮ್ಮ ಮನೆಗೆ ಮಾಡಿನ ತುದಿ ಒಳ್ಳೆಯ ಬಿಂದು.

ಈಗ ಚಿತ್ರ ಬದಿಗಿಡೋಣ. ಬಸ್ ಹತ್ತೋಣ.

ಐದು ಊರು ತೆಗೆದುಕೊಳ್ಳುತ್ತೇನೆ: ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ, ಆಗುಂಬೆ. ರಸ್ತೆಗಳು ಹೀಗೆ. ಶಿವಮೊಗ್ಗದಿಂದ ಸಾಗರಕ್ಕೆ ಒಂದು, ತೀರ್ಥಹಳ್ಳಿಗೆ ಒಂದು. ಸಾಗರದಿಂದ ಹೊಸನಗರಕ್ಕೆ, ಹೊಸನಗರದಿಂದ ತೀರ್ಥಹಳ್ಳಿಗೆ. ತೀರ್ಥಹಳ್ಳಿಯಿಂದ ಆಗುಂಬೆಗೆ. ರಿಪ್ಪನ್‌ಪೇಟೆ ಮೇಲೆ ಶಿವಮೊಗ್ಗದಿಂದ ಹೊಸನಗರಕ್ಕೇ ಹೋಗಬಹುದಲ್ಲ ಅಂತ ಆ ಕಡೆಯವರು ಹಿಂದಿನಿಂದ ಹೇಳುತ್ತಿದ್ದೀರಿ. ಹೌದು, ಇದೆ. ಲೆಕ್ಕ ಚಿಕ್ಕದಾಗಿರಲಿ ಅಂತ ಅದನ್ನು ಈಗ ಬಿಟ್ಟಿದ್ದೇನೆ, ಆಮೇಲೆ ಸೇರಿಸೋಣ.

ಎರಡು ಊರಿನ ನಡುವೆ ನೇರ ರಸ್ತೆ ಇದ್ದರೆ 1, ಇಲ್ಲದಿದ್ದರೆ 0.

```
          ಶಿ  ಸಾ  ಹೊ  ತೀ  ಆ
ಶಿವಮೊಗ್ಗ    0   1   0   1   0
ಸಾಗರ       1   0   1   0   0
ಹೊಸನಗರ    0   1   0   1   0
ತೀರ್ಥಹಳ್ಳಿ   1   0   1   0   1
ಆಗುಂಬೆ     0   0   0   1   0
```

ಇದಕ್ಕೆ N ಅಂತ ಹೆಸರಿಡೋಣ. ಇದನ್ನು ಇದಕ್ಕೇ ಗುಣಿಸಿದರೆ ಏನು ಸಿಗುತ್ತದೆ? ಶಿವಮೊಗ್ಗದ ಅಡ್ಡಸಾಲು, ಹೊಸನಗರದ ಕಂಬಸಾಲು ಹಿಡಿಯಿರಿ. ಐದು ಜೋಡಿ ಬರುತ್ತವೆ. ಒಂದೊಂದನ್ನೂ ಬಾಯಿಬಿಟ್ಟು ಓದೋಣ. ಶಿವಮೊಗ್ಗದಿಂದ ಸಾಗರಕ್ಕೆ ರಸ್ತೆ ಇದೆಯಾ? ಇದೆ, 1. ಸಾಗರದಿಂದ ಹೊಸನಗರಕ್ಕೆ ಇದೆಯಾ? ಇದೆ, 1. 1 ಸಲ 1, ಒಂದು. ಅಂದರೆ ಸಾಗರದ ಮೇಲೆ ಒಂದು ದಾರಿ ಸಿಕ್ಕಿತು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ 1, ತೀರ್ಥಹಳ್ಳಿಯಿಂದ ಹೊಸನಗರಕ್ಕೆ 1. ಇನ್ನೊಂದು ದಾರಿ. ಆಗುಂಬೆ ಮೇಲೆ? ಶಿವಮೊಗ್ಗದಿಂದ ಆಗುಂಬೆಗೆ ನೇರ ರಸ್ತೆ 0. ಒಂದು ಕಡೆ ಸೊನ್ನೆ ಆದರೂ ಗುಣಲಬ್ಧ ಸೊನ್ನೆ, ಆ ದಾರಿ ಇಲ್ಲ. ಎಲ್ಲ ಕೂಡಿದರೆ 2. ನಡುವೆ ಒಂದೇ ಊರು ಇಟ್ಟುಕೊಂಡು ಶಿವಮೊಗ್ಗದಿಂದ ಹೊಸನಗರ ಸೇರಲು ಎರಡು ದಾರಿ.

ಇಲ್ಲಿ ಸ್ವಲ್ಪ ನಿಲ್ಲಿ. ಗುಣಾಕಾರ ಯಾಕೆ ಬಂತು? ಮೊದಲ ಬಸ್ಸೂ ಬೇಕು, ಎರಡನೆಯ ಬಸ್ಸೂ ಬೇಕು. ಮೊದಲ ಹಂತಕ್ಕೆ 3 ಬಸ್, ಎರಡನೆಯದಕ್ಕೆ 4 ಬಸ್ ಇದ್ದಿದ್ದರೆ 12 ರೀತಿಯಲ್ಲಿ ಹೋಗಬಹುದಿತ್ತು. ಕೂಡುವುದು ಯಾಕೆ ಬಂತು? ಸಾಗರದ ಮೇಲಾದರೂ ಹೋಗಬಹುದು, ಇಲ್ಲವೇ ತೀರ್ಥಹಳ್ಳಿ ಮೇಲಾದರೂ ಹೋಗಬಹುದು. ಒಂದು ದಾರಿಯ ಒಳಗೆ ಗುಣಾಕಾರ, ದಾರಿ ದಾರಿಗಳ ನಡುವೆ ಸಂಕಲನ. ಅಡ್ಡಸಾಲು-ಕಂಬಸಾಲಿನ ಲೆಕ್ಕದಲ್ಲಿ ಇರುವುದು ಇಷ್ಟೇ: ನಡುವಿನ ಊರುಗಳನ್ನೆಲ್ಲ ಒಂದೊಂದಾಗಿ ಕೇಳಿಕೊಂಡು ಬರುವುದು.

```
N·N       ಶಿ  ಸಾ  ಹೊ  ತೀ  ಆ
ಶಿವಮೊಗ್ಗ    2   0   2   0   1
ಸಾಗರ       0   2   0   2   0
ಹೊಸನಗರ    2   0   2   0   1
ತೀರ್ಥಹಳ್ಳಿ   0   2   0   3   0
ಆಗುಂಬೆ     1   0   1   0   1
```

ಮೂಲೆಯಿಂದ ಮೂಲೆಗೆ ಇಳಿಯುವ ಸಾಲು ನೋಡಿ: 2, 2, 2, 3, 1. ಶಿವಮೊಗ್ಗದಿಂದ ಶಿವಮೊಗ್ಗಕ್ಕೆ ಎರಡು ಹಂತದಲ್ಲಿ 2 ದಾರಿ ಅಂದರೆ ಏನು? ಸಾಗರಕ್ಕೆ ಹೋಗಿ ವಾಪಸ್, ತೀರ್ಥಹಳ್ಳಿಗೆ ಹೋಗಿ ವಾಪಸ್. ಹಾಗಾಗಿ ಈ ಸಾಲು ಪ್ರತಿ ಊರಿಗೆ ಎಷ್ಟು ರಸ್ತೆ ಸೇರುತ್ತವೆ ಅಂತ ಹೇಳುತ್ತದೆ. ತೀರ್ಥಹಳ್ಳಿಗೆ 3, ಆಗುಂಬೆಗೆ 1. ಕೈಯಲ್ಲಿ ಲೆಕ್ಕ ಮಾಡಿದ್ದು ಸರಿಯಾಗಿದೆಯಾ ಅಂತ ನೋಡಲು ಇದು ಸುಲಭದ ಪರೀಕ್ಷೆ. ಒಂದೇ ಒಂದು ಸಂಖ್ಯೆ ತಾಳೆಯಾಗದಿದ್ದರೂ ಎಲ್ಲೋ ತಪ್ಪಿದೆ.

ರಿಪ್ಪನ್‌ಪೇಟೆಯವರಿಗೆ ಮಾತು ಕೊಟ್ಟಿದ್ದೆ. ಶಿವಮೊಗ್ಗ ಮತ್ತು ಹೊಸನಗರದ ನಡುವೆ ನೇರ ರಸ್ತೆ ಸೇರಿಸಿ. Nನಲ್ಲಿ ಬದಲಾಗುವುದು ಎರಡೇ ಜಾಗ. ಆದರೆ N·Nನಲ್ಲಿ ಶಿವಮೊಗ್ಗ-ಸಾಗರದ ಸೊನ್ನೆ ಹೋಗಿ 1 ಬರುತ್ತದೆ, ಹೊಸನಗರದ ಮೇಲೆ ಸುತ್ತಿಕೊಂಡು ಸಾಗರಕ್ಕೆ ಬರುವ ದಾರಿ. ಒಂದು ರಸ್ತೆ ಸೇರಿದರೆ ಅದರ ಪರಿಣಾಮ ಎಲ್ಲೆಲ್ಲಿ ಕಾಣುತ್ತದೆ ಅನ್ನುವುದನ್ನು ರೂಮಿಗೆ ಹೋದ ಮೇಲೆ ಪೂರ್ತಿ ಮಾಡಿ ನೋಡಿ.

ಈಗ ಮೂರು ಹಂತ, ಅಂದರೆ N·N·N. ಹಳೆಯ ಐದೇ ರಸ್ತೆ ಇಟ್ಟುಕೊಳ್ಳೋಣ. ಅದರಲ್ಲಿ ಶಿವಮೊಗ್ಗ-ತೀರ್ಥಹಳ್ಳಿ ಜಾಗದಲ್ಲಿ 5 ಬರುತ್ತದೆ. ಇದನ್ನು ನೋಡಿ, ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಐದು ಬೇರೆ ಬೇರೆ ರೂಟ್ ಇದೆ ಅಂತ ಹೇಳಿಬಿಡುವವರು ತುಂಬಾ ಜನ. ಎಣಿಸಿ ನೋಡೋಣ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ. ಇದು ಸರಿಯಾದ ರೂಟ್. ಇನ್ನುಳಿದವು? ಸಾಗರಕ್ಕೆ ಹೋಗಿ ಶಿವಮೊಗ್ಗಕ್ಕೆ ವಾಪಸ್ ಬಂದು ತೀರ್ಥಹಳ್ಳಿಗೆ ಹೋಗುವುದು. ತೀರ್ಥಹಳ್ಳಿಗೆ ಹೋಗಿ, ವಾಪಸ್ ಬಂದು, ಮತ್ತೆ ಹೋಗುವುದು. ತೀರ್ಥಹಳ್ಳಿ ತಲುಪಿ ಹೊಸನಗರಕ್ಕೆ ಹೋಗಿ ಬರುವುದು. ತೀರ್ಥಹಳ್ಳಿ ತಲುಪಿ ಆಗುಂಬೆಗೆ ಹೋಗಿ ಬರುವುದು. ಒಟ್ಟು ಐದು. ಮ್ಯಾಟ್ರಿಕ್ಸ್ ಹೇಳಿದ್ದು ಸುಳ್ಳಲ್ಲ, ಆದರೆ ಅದು ಎಣಿಸುವುದು ಮೂರು ಹೆಜ್ಜೆಯ ಎಲ್ಲ ಓಡಾಟಗಳನ್ನು. ಬಂದ ದಾರಿಯಲ್ಲೇ ವಾಪಸ್ ಹೋಗಬಾರದು ಅನ್ನುವುದು ಅದಕ್ಕೆ ಗೊತ್ತಿಲ್ಲ. ಊರು ಮತ್ತೆ ಬರದ ಹಾಗೆ ದಾರಿ ಎಣಿಸಬೇಕಾದರೆ ಗುಣಾಕಾರ ಒಂದೇ ಸಾಲದು.

ಇಲ್ಲಿ ಒಬ್ಬರು ಕೇಳಿದರು, "ಸರ್, 1ರ ಬದಲು ಕಿಲೋಮೀಟರ್ ಹಾಕಿದರೆ ದೂರ ಸಿಗುತ್ತದಾ?" ಒಳ್ಳೆಯ ಪ್ರಶ್ನೆ. ಹಾಕಿ ನೋಡಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60, ಅಲ್ಲಿಂದ ಆಗುಂಬೆಗೆ ಸುಮಾರು 30. ಗುಣಿಸಿದರೆ 1800. ಆಗುಂಬೆ ಅಷ್ಟು ದೂರ ಇಲ್ಲ ಅಲ್ವಾ? ಕಿಲೋಮೀಟರ್‌ಗೆ ಕಿಲೋಮೀಟರ್ ಗುಣಿಸಿದರೆ ಬರುವುದು ಚದರ ಕಿಲೋಮೀಟರ್, ದೂರ ಅಲ್ಲ. ಇಂಥ ತಪ್ಪನ್ನು ಯೂನಿಟ್ ನೋಡಿಯೇ ಹಿಡಿಯಬಹುದು. ದೂರ ಬೇಕಾದರೆ, ದಾರಿಯ ಒಳಗೆ ಗುಣಿಸುವ ಬದಲು ಕೂಡಬೇಕು. ದಾರಿಗಳ ನಡುವೆ ಕೂಡುವ ಬದಲು ಎಲ್ಲಕ್ಕಿಂತ ಚಿಕ್ಕದನ್ನು ಆರಿಸಬೇಕು. ರಸ್ತೆ ಇಲ್ಲದ ಕಡೆ ಸೊನ್ನೆ ಬದಲು ಅನಂತ ಇಡಬೇಕು. ಬೆರಳು ಓಡುವ ದಾರಿ ಮಾತ್ರ ಅದೇ, ಅಡ್ಡಕ್ಕೊಂದು ಕೆಳಕ್ಕೊಂದು. ಅತಿ ಹತ್ತಿರದ ದಾರಿ ಹುಡುಕುವ ಲೆಕ್ಕವನ್ನು ಹೀಗೂ ಮಾಡುತ್ತಾರೆ.

ಈಗ ಎರಡನ್ನೂ ಸೇರಿಸೋಣ. ಮನೆಯ ಲೆಕ್ಕಕ್ಕೆ ವಾಪಸ್ ಬನ್ನಿ. x, y ಇಂದ u, vಗೆ, ಅಲ್ಲಿಂದ p, qಗೆ. ಇವನ್ನೂ ಊರು ಅಂತ ಅಂದುಕೊಂಡು ಬೋರ್ಡ್ ಮೇಲೆ ಬರೆಯುತ್ತೇನೆ. ಎಡಗಡೆ x ಮತ್ತು y. ನಡುವೆ u ಮತ್ತು v. ಬಲಗಡೆ p ಮತ್ತು q. xನಿಂದ uಗೆ ಹೋಗುವ ರಸ್ತೆಯ ಮೇಲೆ e ಅಂತ ಬರೆಯಿರಿ, xನಿಂದ vಗೆ g. uನಿಂದ pಗೆ a, vನಿಂದ pಗೆ b. ಈಗ ಕೇಳಿ: xನಿಂದ pಗೆ ಹೇಗೆ ಹೋಗುವುದು? u ಮೇಲೆ ಹೋದರೆ e, a ಎರಡರ ಗುಣಲಬ್ಧ. v ಮೇಲೆ ಹೋದರೆ g, b ಎರಡರದ್ದು. ಎರಡು ದಾರಿ ಕೂಡಿ: a·e + b·g. ಆಗ ಬೀಜಗಣಿತದಲ್ಲಿ ಬಂದ ಮೊದಲ ಆವರಣ ಇದೇ ಅಲ್ವಾ? ಚಿತ್ರ ತಿರುಗಿಸುವುದೂ ಒಂದು ನೆಟ್‌ವರ್ಕ್. ಬಸ್ ಲೆಕ್ಕದಲ್ಲಿ ರಸ್ತೆ ಮೇಲೆ 1 ಇತ್ತು, ಇಲ್ಲಿ 2 ಇದೆ, -1 ಇದೆ, ಅಷ್ಟೇ ವ್ಯತ್ಯಾಸ.

ಒಂದು ಎಚ್ಚರಿಕೆ. ಬಸ್ ಪಟ್ಟಿಯಲ್ಲಿ ಅಡ್ಡಸಾಲಿನ ಊರಿಂದ ಹೊರಟು ಕಂಬಸಾಲಿನ ಊರಿಗೆ ಹೋದೆವು. ಚಿತ್ರದ ಮ್ಯಾಟ್ರಿಕ್ಸ್‌ನಲ್ಲಿ ಅದು ತಿರುಗುಮುರುಗು: ಕಂಬಸಾಲಿನಿಂದ ಹೊರಟು ಅಡ್ಡಸಾಲಿಗೆ ಬರುತ್ತೇವೆ. ಅದಕ್ಕೇ ಬಸ್ ಹಂತಗಳನ್ನು ಎಡದಿಂದ ಬಲಕ್ಕೆ ಓದುತ್ತೇವೆ, ಚಿತ್ರದ ಕೆಲಸಗಳನ್ನು ಬಲದಿಂದ ಎಡಕ್ಕೆ. ಪುಸ್ತಕದಿಂದ ಪುಸ್ತಕಕ್ಕೆ ಇದು ಬದಲಾಗುತ್ತದೆ. ಹೊಸ ಪುಸ್ತಕ ತೆರೆದರೆ ಮೊದಲು ಇದನ್ನು ನೋಡಿಕೊಳ್ಳಿ.

ಗಾತ್ರದ ನಿಯಮ ಕೂಡ ಇಲ್ಲೇ ಬಗೆಹರಿಯುತ್ತದೆ. ಒಂದರ ಕಂಬಸಾಲುಗಳ ಸಂಖ್ಯೆ ಇನ್ನೊಂದರ ಅಡ್ಡಸಾಲುಗಳ ಸಂಖ್ಯೆಗೆ ಸಮ ಇರಬೇಕು ಅಂತ ಕಲಿತಿದ್ದೀರಿ. ಅದು ನಡುವಿನ ಊರುಗಳ ಲೆಕ್ಕ. ಕಲರ್ ಫೋಟೊದ ಒಂದೊಂದು ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ. ಅದನ್ನು ಕಪ್ಪು-ಬಿಳುಪು ಮಾಡುವ ಒಂದು ರೂಢಿಯ ಮ್ಯಾಟ್ರಿಕ್ಸ್ ಹೀಗಿದೆ:

```
[ 0.299  0.587  0.114 ]
```

ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಬೆಳಗುತ್ತದೆ, ನೀಲಿ ಕಡಿಮೆ. ಅದಕ್ಕೇ ಹಸಿರಿಗೆ ಹೆಚ್ಚು ತೂಕ. ಮೂರು ಒಳಗೆ ಹೋಗಿ ಒಂದು ಹೊರಗೆ ಬರುತ್ತದೆ. ಇದಕ್ಕೆ ಮೊದಲು ಬಣ್ಣ ತಿದ್ದುವ 3×3 ಮ್ಯಾಟ್ರಿಕ್ಸ್ ಇಡಬಹುದು, ಅದರಿಂದ ಮೂರು ಬಣ್ಣ ಬರುತ್ತವೆ, ಇದು ಮೂರನ್ನೂ ತೆಗೆದುಕೊಳ್ಳುತ್ತದೆ. ಆದರೆ ಇದರ ಆಮೇಲೆ ಆ 3×3 ಇಡಲಾಗುವುದಿಲ್ಲ. ಬಂದಿರುವುದು ಒಂದೇ ಸಂಖ್ಯೆ, ಅದು ಮೂರು ಕೇಳುತ್ತಿದೆ. ಮೊದಲ ಬಸ್ ಇಳಿಸಿದ ಊರಿಂದಲೇ ಎರಡನೆಯ ಬಸ್ ಹೊರಡಬೇಕು.

ಇನ್ನು ನಿಜವಾದ ಫೋಟೊ. ಬೋರ್ಡ್ ಮೇಲಿನ ಮನೆಗೆ ಐದೇ ಬಿಂದು, ನಡುವೆ ಗೆರೆ ಎಳೆದೆವು. ಜೋಗದ ಫೋಟೊ ತೆಗೆದುಕೊಂಡರೆ ಹಾಗಾಗುವುದಿಲ್ಲ, ಪ್ರತಿ ಪಿಕ್ಸೆಲ್ಲೂ ಒಂದು ಬಿಂದು. ಅದಕ್ಕೆ S ಮಾಡಿ, ಪ್ರತಿ ಪಿಕ್ಸೆಲನ್ನು ಎತ್ತಿ ಹೊಸ ಜಾಗದಲ್ಲಿ ಇಟ್ಟರೆ ಏನಾಗುತ್ತದೆ? 0ನೆಯ ಕಂಬಸಾಲು 0ಗೆ, 1ನೆಯದು 2ಕ್ಕೆ, 2ನೆಯದು 4ಕ್ಕೆ. 1, 3, 5 ಖಾಲಿ. ಜಲಪಾತದ ಮೇಲೆಲ್ಲ ಒಂದು ಬಿಟ್ಟು ಒಂದು ಕಪ್ಪು ಗೆರೆ. 30 ಡಿಗ್ರಿ ತಿರುಗಿಸಿದರೆ ಗೆರೆ ಬದಲು ಅಲ್ಲಲ್ಲಿ ಕಪ್ಪು ಚುಕ್ಕೆ ಬರುತ್ತದೆ, ಯಾಕೆಂದರೆ ದಶಮಾಂಶದ ಜಾಗಗಳನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದಾಗ ಕೆಲವು ಪಿಕ್ಸೆಲ್‌ಗೆ ಇಬ್ಬರು ಬಂದು ಕೂರುತ್ತಾರೆ, ಕೆಲವಕ್ಕೆ ಯಾರೂ ಬರುವುದಿಲ್ಲ. ಮ್ಯಾಟ್ರಿಕ್ಸ್ ಸರಿಯಾಗಿಯೇ ಇದೆ. ಕೆಲಸ ಮಾಡುವ ದಿಕ್ಕು ತಪ್ಪು.

ಸರಿಯಾದ ದಿಕ್ಕು ಹಿಂದಕ್ಕೆ. ಹೊಸ ಚಿತ್ರದ ಒಂದೊಂದು ಪಿಕ್ಸೆಲ್ ಹತ್ತಿರ ನಿಂತು, ನೀನು ಹಳೆಯ ಚಿತ್ರದಲ್ಲಿ ಎಲ್ಲಿಂದ ಬಂದೆ ಅಂತ ಕೇಳಬೇಕು. ಅದಕ್ಕೆ ಬೇಕಾದ್ದು ಇನ್ವರ್ಸ್. 7ನೆಯ ಕಂಬಸಾಲು 3.5ರಿಂದ ಬಂದಿದೆ, ಹಾಗಾದರೆ 3 ಮತ್ತು 4ರ ಬಣ್ಣದ ಸರಾಸರಿ ಹಾಕಿ. ಹೀಗೆ ಮಾಡಿದರೆ ಚಿತ್ರದ ಒಳಗೆ ಒಂದೂ ಪಿಕ್ಸೆಲ್ ಖಾಲಿ ಉಳಿಯುವುದಿಲ್ಲ. ಎರಡು ಕೆಲಸ ಮಾಡಿದ್ದರೆ, ಕೊನೆಗೆ ಮಾಡಿದ್ದನ್ನು ಮೊದಲು ಬಿಚ್ಚಬೇಕು. RSನ ಇನ್ವರ್ಸ್‌ನಲ್ಲಿ ಮೊದಲು R ಬಿಚ್ಚುತ್ತೇವೆ, ಆಮೇಲೆ S. ಸೂತ್ರದಲ್ಲಿ ಕ್ರಮ ತಿರುಗುವುದು ಅದಕ್ಕೇ. ಡಿಟರ್ಮಿನೆಂಟ್ ಸೊನ್ನೆಯಾದರೆ ಇನ್ವರ್ಸ್ ಇಲ್ಲ ಅನ್ನುವುದಕ್ಕೂ ಈಗ ಅರ್ಥ ಬಂತು. ಆಗ ಚಿತ್ರ ಒಂದು ಗೆರೆಗೋ ಚುಕ್ಕೆಗೋ ಕುಸಿದಿರುತ್ತದೆ, ಎಲ್ಲಿಂದ ಬಂದೆ ಅಂತ ಕೇಳಿದರೆ ಒಂದೇ ಜಾಗಕ್ಕೆ ಸಾವಿರ ಉತ್ತರ.

ಲ್ಯಾಬ್‌ನಲ್ಲಿ ಇನ್ನೊಂದು ಗೊಂದಲ ಆಗುತ್ತದೆ. ಪರದೆಯ ಮೇಲೆ y ಕೆಳಮುಖವಾಗಿ ಬೆಳೆಯುತ್ತದೆ, ಮೂಲಬಿಂದು ಎಡಮೇಲಿನ ಮೂಲೆ. ಹಾಗಾಗಿ ನಮ್ಮ R ಅಲ್ಲಿ ಚಿತ್ರವನ್ನು ಬಲಕ್ಕೆ ತಿರುಗಿಸಿದಂತೆ ಕಾಣುತ್ತದೆ. ಅಷ್ಟೇ ಅಲ್ಲ, ಮೂಲೆಯ ಸುತ್ತ ತಿರುಗುವುದರಿಂದ ಚಿತ್ರ ಪರದೆಯಿಂದ ಆಚೆಗೇ ಹೋಗಿಬಿಡುತ್ತದೆ. ನಮಗೆ ಬೇಕಾದ್ದು ಚಿತ್ರದ ನಡುವಿನ ಸುತ್ತ ತಿರುಗಿಸುವುದು. ಆದರೆ 2×2 ಮ್ಯಾಟ್ರಿಕ್ಸ್ ಯಾವುದೇ ಆಗಿರಲಿ, (0,0)ವನ್ನು ಅಲ್ಲಾಡಿಸುವುದಿಲ್ಲ, 0 ಸಲ ಏನೇ ಆದರೂ 0. ಚಿತ್ರವನ್ನು ಸುಮ್ನೆ ಪಕ್ಕಕ್ಕೆ ಸರಿಸುವುದಕ್ಕೂ ಅದರಿಂದ ಆಗುವುದಿಲ್ಲ.

ದಾರಿ ಇದೆ. x, y ಜೊತೆಗೆ ಯಾವಾಗಲೂ 1 ಅನ್ನುವ ಮೂರನೆಯ ಸಂಖ್ಯೆ ಇಟ್ಟುಕೊಳ್ಳಿ. ನೆಟ್‌ವರ್ಕ್‌ನಲ್ಲಿ ಒಂದು ಊರು ಜಾಸ್ತಿ ಆಯಿತು. ಆ 1ರಿಂದ uಗೆ ಹೋಗುವ ರಸ್ತೆಯ ಮೇಲೆ 2 ಅಂತ ಬರೆದರೆ, ಪ್ರತಿ ಬಿಂದುವಿನ ಮೊದಲ ಸಂಖ್ಯೆಗೂ 2 ಸೇರುತ್ತದೆ. ಸರಿಸುವುದೂ ಗುಣಾಕಾರವೇ ಆಯಿತು. ನಮ್ಮ ಮನೆಯನ್ನು (2,2)ರ ಸುತ್ತ ತಿರುಗಿಸೋಣ. (2,2)ವನ್ನು ಮೂಲಬಿಂದುವಿಗೆ ಎಳೆದು ತನ್ನಿ, ತಿರುಗಿಸಿ, ವಾಪಸ್ ಒಯ್ಯಿರಿ. ಮೂರು 3×3 ಮ್ಯಾಟ್ರಿಕ್ಸ್ ಗುಣಿಸಿದರೆ ಬರುವುದು ಇದು:

```
[ 0  -1  4 ]
[ 1   0  0 ]
[ 0   0  1 ]
```

ತಾಳೆ ನೋಡಲು ಅಲ್ಲಾಡಬಾರದ ಬಿಂದುವನ್ನೇ ಹಾಕಿ. (2,2) ಕೊಟ್ಟರೆ -2 + 4 = 2, ಇನ್ನೊಂದು 2. ಅಲ್ಲೇ ಇದೆ. ಒಯ್ಯುವುದನ್ನು ಮೊದಲು, ತರುವುದನ್ನು ಕೊನೆಗೆ ಮಾಡಿ ಕ್ರಮ ತಪ್ಪಿಸಿದ್ದರೆ, ಮೇಲಿನ 4ರ ಜಾಗದಲ್ಲಿ -4 ಬರುತ್ತದೆ, ಅದೇ (2,2) ಹೋಗಿ (-6,2)ರಲ್ಲಿ ಕೂರುತ್ತದೆ. ಎರಡನ್ನೂ ಮುಂದಿನ ಲ್ಯಾಬ್‌ನಲ್ಲಿ ಟೈಪ್ ಮಾಡಿ, ಐದೂ ಬಿಂದು ಹಾಕಿ, ಮನೆ ಎಲ್ಲಿ ಬಂದು ನಿಂತಿದೆ ನೋಡಿ.